ಸ್ಕೂಟರ್, ಕಾರು ಚಾರ್ಜಿಗೆ ಎಷ್ಟು ಕಿಲೋವ್ಯಾಟ್ ಸೋಲಾರ್ ಬೇಕು?

ಗಾಡಿಯ ಬ್ಯಾಟರಿ ಎಷ್ಟು ದೊಡ್ಡದು ಅಂತ ನೋಡಿ ಸೋಲಾರ್ ಲೆಕ್ಕ ಹಾಕಬೇಡಿ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಅನ್ನೋದರಿಂದ ಶುರು ಮಾಡಿ.

ಹುಬ್ಬಳ್ಳಿ ವಿದ್ಯಾನಗರದಲ್ಲಿ ಮನೆ, ಧಾರವಾಡದಲ್ಲಿ ಕೆಲಸ ಅಂದುಕೊಳ್ಳಿ. ಹೋಗಿ ಬರೋದಕ್ಕೆ ಸುಮಾರು 40 ಕಿ.ಮೀ. ಚಾರ್ಜ್ ಆಗುವಾಗ ಹಾಳಾಗುವ ಕರೆಂಟೂ ಸೇರಿ ಸ್ಕೂಟರಿಗೆ ಇಷ್ಟು ದೂರಕ್ಕೆ ಹೆಚ್ಚುಕಡಿಮೆ 1.4 ಯೂನಿಟ್ ಸಾಕು. ಸಣ್ಣ ಕಾರಿಗೆ ಆರು ಯೂನಿಟ್ ಬೇಕು. ತಿಂಗಳಿಗೆ 25 ದಿನ ಓಡಿಸಿದರೆ ಸ್ಕೂಟರಿಗೆ ಸುಮಾರು 35, ಕಾರಿಗೆ 150 ಯೂನಿಟ್. ನಿಮ್ಮ ಗಾಡಿಯ ನಿಜವಾದ ಲೆಕ್ಕ ಬೇಕಾದರೆ ರಾತ್ರಿ ಮನೆಯ ಉಳಿದದ್ದೆಲ್ಲ ಆಫ್ ಮಾಡಿ, ಚಾರ್ಜಿಗೆ ಹಾಕುವ ಮುಂಚೆ ಮತ್ತು ಆದಮೇಲೆ ಮೀಟರ್ ನೋಡಿ ಬರೆದುಕೊಳ್ಳಿ.

ಮುಂದಿನ ಹೆಜ್ಜೆಯನ್ನು ಮಾರಾಟಗಾರರು ಹೇಳೋದು ಕಡಿಮೆ. ಗೃಹಜ್ಯೋತಿ ನೋಡಿ. ಮನೆಗೆ ತಿಂಗಳಿಗೆ 120 ಯೂನಿಟ್ ಖರ್ಚಿದ್ದರೆ ಸ್ಕೂಟರ್ ಸೇರಿ 155. ಇದು 200ರ ಒಳಗೇ ಇದೆ. ನಿಮಗೆ ನಿಗದಿಯಾದ ಉಚಿತ ಯೂನಿಟ್ಟಿಗಿಂತ ಜಾಸ್ತಿ ಬಳಸಿದ್ದಕ್ಕೆ ಮಾತ್ರ ದುಡ್ಡು. ಹಾಗಾಗಿ ಬರೀ ಸ್ಕೂಟರಿಗಾಗಿ ಸೋಲಾರ್ ಹಾಕಿಸೋದು ಸುಮ್ನೆ ಖರ್ಚು. ಕಾರು ಬಂದರೆ ಮಾತ್ರ ಕತೆಯೇ ಬೇರೆ, 200 ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮ ತಲೆಗೆ ಬರುತ್ತದೆ.

ಎರಡೂ ಗಾಡಿ ಇದ್ದರೆ ಮನೆಯದೂ ಸೇರಿ 305 ಯೂನಿಟ್. ನಮ್ಮ ಕಡೆ ಒಂದು ಕಿಲೋವ್ಯಾಟ್ ಸೋಲಾರ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ಧೂಳು-ಮೋಡ ಕಳೆದು ತಿಂಗಳಿಗೆ 115 ಕೊಡುತ್ತದೆ ಅಂತ ಹಿಡಿಯಿರಿ. 305ನ್ನು 115ರಿಂದ ಭಾಗಿಸಿದರೆ 2.65, ಅಂದರೆ 3 ಕಿಲೋವ್ಯಾಟ್. ಪಿಎಂ ಸೂರ್ಯಘರ್ ಸಬ್ಸಿಡಿಯೂ 3 ಕಿಲೋವ್ಯಾಟಿಗೆ 78,000 ರೂಪಾಯಿಗೆ ನಿಲ್ಲುತ್ತದೆ. ಆಮೇಲೆ ಎಷ್ಟೇ ದೊಡ್ಡದು ಹಾಕಿಸಿದರೂ ಅಷ್ಟೇ. ಗ್ರಿಡ್‌ಗೆ ಕಳಿಸಿದ ಹೆಚ್ಚುವರಿ ಯೂನಿಟ್ಟಿಗೆ ಸಿಗುವ ದರವೂ ಕಡಿಮೆ, ಆದ್ದರಿಂದ 5 ಕಿಲೋವ್ಯಾಟ್ ಹಾಕಿಸಿ ಅಂತ ಯಾರಾದರೂ ಒತ್ತಾಯ ಮಾಡಿದರೆ ಈ ಲೆಕ್ಕವನ್ನೇ ಮುಂದಿಡಿ. ಜುಲೈ, ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಉತ್ಪಾದನೆ ತುಂಬಾ ಇಳಿಯುತ್ತದೆ, ಆ ತಿಂಗಳು ಸ್ವಲ್ಪ ಬಿಲ್ ಬರಲಿ ಬಿಡಿ, ಅದಕ್ಕಂತ ಪ್ಯಾನೆಲ್ ಜಾಸ್ತಿ ಮಾಡಬೇಡಿ.

ಇನ್ನು ಟೆರೇಸ್. 3 ಕಿಲೋವ್ಯಾಟಿಗೆ ಸುಮಾರು 300 ಚದರ ಅಡಿ ಬೇಕು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಸುಮಾರು 15 ಡಿಗ್ರಿ ಓರೆಯಾಗಿರಲಿ. ಸಿಂಟೆಕ್ಸ್ ಟ್ಯಾಂಕಿನ ನೆರಳು ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 3ಕ್ಕೆ ಎಲ್ಲಿ ಬೀಳುತ್ತದೆ ಅಂತ ಚಳಿಗಾಲದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ನೋಡಿ. ಪ್ಯಾನೆಲ್‌ಗಳ ವೈರನ್ನು ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಜೋಡಿಸಿರುತ್ತಾರೆ, ಒಂದರ ಮೇಲೆ ನೆರಳು ಬಿದ್ದರೆ ಉಳಿದವುಗಳಿಗೂ ಪೆಟ್ಟು ಬೀಳಬಹುದು.

ಹಗಲು ಕಾರು ಧಾರವಾಡದಲ್ಲಿ ನಿಂತಿರುತ್ತದೆ, ಚಾರ್ಜ್ ಆಗೋದು ರಾತ್ರಿ, ಅಲ್ವಾ? ನೆಟ್ ಮೀಟರ್ ಇದ್ದರೆ ತೊಂದರೆ ಇಲ್ಲ, ಹಗಲು ಹೊರಗೆ ಹೋದ ಯೂನಿಟ್ ರಾತ್ರಿ ಬಳಸಿದ್ದರಲ್ಲಿ ವಜಾ ಆಗುತ್ತದೆ. ಆದರೆ ಕರೆಂಟ್ ಹೋದಾಗ ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ.

ಕೊನೆಗೆ ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 15 ಆಂಪ್ ಪಾಯಿಂಟಿನಲ್ಲಿ ಕಾರು ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ, ಗೀಸರ್ 2. ಲೋಡ್ 2 ಕಿಲೋವ್ಯಾಟೇ ಇದ್ದರೆ ಮೊದಲು ಅದನ್ನು ಹೆಚ್ಚಿಸಿಕೊಳ್ಳಿ, ಆಮೇಲೆ ಕಾರಿಗೆ ಅಂತ ಬೇರೆ ವೈರ್, ಬೇರೆ ಎಂಸಿಬಿ ಎಳೆಸಿ.