ಮುಕ್ಕಾಲು ಕೆಜಿ ಈರುಳ್ಳಿ ಮತ್ತು ನೂರು ಮನೆಯ ರೂಪಾಯಿ

ನನ್ನ ಐದನೆಯ ತರಗತಿಯ 34 ಮಕ್ಕಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ 3.5 ರೂಪಾಯಿಯನ್ನು ‘ಮೂರು ರೂಪಾಯಿ ಐದು ಪೈಸೆ’ ಎಂದು ಬರೆದಿದ್ದರು. 25 ಎಂಬುದು 5ಕ್ಕಿಂತ ದೊಡ್ಡದಾದ್ದರಿಂದ 0.25 ಕೂಡ 0.5ಕ್ಕಿಂತ ದೊಡ್ಡದು ಎಂದು ವಾದಿಸಿದವರೂ ಅವರೇ. ಪೈಸೆಯನ್ನೇ ಹಿಡಿದು ಕಲಿಸುತ್ತೇನೆ ಎಂದಾಗ ಸಹೋದ್ಯೋಗಿಯೊಬ್ಬರು, ‘ನಾಲ್ಕಾಣೆ 2011ರಲ್ಲೇ ಹೋಯಿತು, ಈ ಮಕ್ಕಳು ಹುಟ್ಟಿದ್ದೇ ಆಮೇಲೆ. ಕಾಣದ ಪೈಸೆಯಲ್ಲಿ ಏನು ಕಲಿಸುತ್ತೀರಿ ಮೇಡಂ?’ ಎಂದು ನಕ್ಕರು. ಕಾಣದ್ದನ್ನು ಕಾಗದದ ಮೇಲೆ ಕಾಣಿಸಿದರಾಯಿತು ಎಂಬುದು ನನ್ನ ಹಟವಾಗಿತ್ತು.

ಮೊದಲ ಹಾಳೆ ಪೂರ್ತಿ ಸೋತಿತು. ಹೋಳಿಗೆಯ ಚಿತ್ರ ಬರೆದು, ತಲಾ ನಾಲ್ಕು ಪುಟ ಜೆರಾಕ್ಸ್ ಮಾಡಿಸಲು ನನ್ನ ಕೈಯಿಂದ ಸುಮಾರು 270 ರೂಪಾಯಿ ಹೋಯಿತು. ದುಂಡನೆಯ ಹೋಳಿಗೆಯನ್ನು ಮಕ್ಕಳು ಕೈಗೆ ಬಂದಂತೆ ಗೆರೆ ಎಳೆದು ಭಾಗ ಮಾಡಿದರು. ಒಬ್ಬ ಹುಡುಗ ತನ್ನ ಕಾಲು ಭಾಗ ಪಕ್ಕದವನ ಅರ್ಧಕ್ಕಿಂತ ದೊಡ್ಡದಾಗಿರುವುದನ್ನು ತೋರಿಸಿ, ‘ನೋಡಿ ಮಿಸ್, ಕಾಲೇ ದೊಡ್ಡದು’ ಎಂದ. ಅವನ ಕಣ್ಣಿಗೆ ಕಂಡದ್ದು ನಿಜವೇ ಆಗಿತ್ತು; ತಪ್ಪು ನನ್ನ ಹಾಳೆಯದ್ದು.

ಎರಡನೆಯ ಹಾಳೆಯಲ್ಲಿ ಹೋಳಿಗೆಯನ್ನು ಬಿಟ್ಟು, ಹತ್ತು ಸಾಲಿನ, ಸಾಲಿಗೆ ಹತ್ತು ಮನೆಯ ಒಂದು ಚೌಕವನ್ನು ಮಾತ್ರ ಇಟ್ಟೆ. ಮಕ್ಕಳಿಗಾಗಿ ಬರೆದ ಮಾತುಗಳು ಇಷ್ಟೇ: ‘ಇಡೀ ಚೌಕ ಒಂದು ರೂಪಾಯಿ. ಒಂದು ಸಾಲು ಹತ್ತು ಪೈಸೆ. ಒಂದು ಮನೆ ಒಂದು ಪೈಸೆ. ಪಾಯಿಂಟ್ ಆದ ಮೇಲಿನ ಮೊದಲ ಅಂಕೆ ಎಷ್ಟು ಸಾಲು ಎಂದು ಹೇಳುತ್ತದೆ, ಎರಡನೆಯ ಅಂಕೆ ಎಷ್ಟು ಬಿಡಿ ಮನೆ ಎಂದು ಹೇಳುತ್ತದೆ.’ 0.5ಕ್ಕೆ ಐದು ಸಾಲು ಬಣ್ಣ ತುಂಬಿತು, 0.05ಕ್ಕೆ ಸಾಲು ಒಂದೂ ಇಲ್ಲ, ಐದು ಮನೆ ಮಾತ್ರ. 0.25 ಎರಡು ಸಾಲು ದಾಟಿ ಮೂರನೆಯ ಸಾಲಿನ ನಡುವೆ ನಿಂತಾಗ, ಯಾವುದು ದೊಡ್ಡದು ಎಂಬ ಜಗಳ ನಾನು ಬಾಯಿ ಹಾಕದೆಯೇ ಮುಗಿಯಿತು.

ಭಿನ್ನರಾಶಿಗೂ ಅದೇ ಚೌಕ ಸಾಕಾಯಿತು. ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಮಡಚಿದರೆ ನಾಲ್ಕು ಸಮಪಾಲು ಆಗುತ್ತದೆ, ಒಂದೊಂದರಲ್ಲಿ 25 ಮನೆ ಇರುತ್ತದೆ. ಆದರೆ ಅದು ಐದು ಸಾಲಿನಲ್ಲಿ ಐದೈದು ಮನೆಯಾಗಿ ಕಾಣುವುದರಿಂದ ಹಲವರು 0.55 ಎಂದು ಬರೆದರು. ಆ ಪಾಲನ್ನು ಕತ್ತರಿಸಿ, ಐದೈದರ ಎರಡು ತುಂಡನ್ನು ಒಂದು ಸಾಲಾಗಿ ಜೋಡಿಸಿ ಅಂಟಿಸಿದ ಮೇಲಷ್ಟೇ ಎರಡು ಸಾಲು, ಐದು ಮನೆ ಎಂಬುದು ಕಂಡಿತು.

ಆಮೇಲೆ ಲೆಕ್ಕ ಕೊಟ್ಟೆ: ಈರುಳ್ಳಿ ಕೆಜಿಗೆ 38 ರೂಪಾಯಿ, ಮುಕ್ಕಾಲು ಕೆಜಿಗೆ ಎಷ್ಟು? ಮುಕ್ಕಾಲು ಎಂದರೆ ಅರ್ಧ ಮತ್ತು ಕಾಲು ಎಂಬುದು ಮಾರುಕಟ್ಟೆಗೆ ಹೋಗುವ ಮಕ್ಕಳಿಗೆ ಗೊತ್ತೇ ಇದೆ. ಅರ್ಧಕ್ಕೆ 19 ಆಯಿತು. ಕಾಲಿಗೆ 19ರ ಅರ್ಧ ಮಾಡುವಾಗ ಇಬ್ಬರಿಗೂ ಒಂಬತ್ತೊಂಬತ್ತು ಕೊಟ್ಟು ಒಂದು ರೂಪಾಯಿ ಉಳಿಯುತ್ತದೆ. ಮೊದಲಾದರೆ ‘ಶೇಷ 1’ ಎಂದು ಬರೆದು ಪೆನ್ಸಿಲ್ ಕೆಳಗಿಡುತ್ತಿದ್ದರು. ಈಗ ಆ ರೂಪಾಯಿಯನ್ನು ನೂರು ಮನೆಯ ಚೌಕವಾಗಿ ಒಡೆದು, ಐವತ್ತೈವತ್ತು ಹಂಚಿ 9.50 ಎಂದರು. 19ಕ್ಕೆ 9.50 ಕೂಡಿಸಿ 28.50, ಐವತ್ತರ ನೋಟಿಗೆ ಚಿಲ್ಲರೆ 21.50.

ನಡುವೆ ಕ್ರಿಕೆಟ್ ಅಡ್ಡ ಬಂತು. 4.5 ಓವರ್ ಎಂದರೆ ನಾಲ್ಕೂವರೆ ಓವರ್ ಎಂದು ಒಬ್ಬ ಹೇಳಿದಾಗ, ಇಡೀ ತರಗತಿಯೇ ‘ನಾಲ್ಕು ಓವರ್ ಐದು ಬಾಲ್’ ಎಂದು ಕೂಗಿತು. ಒಂದು ದಿನವನ್ನು ಇದಕ್ಕೇ ಕೊಟ್ಟೆ. ಓವರಿಗೆ ಆರೇ ಚೆಂಡು. ಹಾಗಾಗಿ ಅಲ್ಲಿಯ ಪಾಯಿಂಟ್ ಎರಡು ಎಣಿಕೆಗಳ ನಡುವಿನ ಗೋಡೆ ಮಾತ್ರ, ಹತ್ತರ ಪಾಲಲ್ಲ. ರೂಪಾಯಿಯಲ್ಲಿ ಐದು ಪೈಸೆಯ ತಪ್ಪು ಎಲ್ಲಿಂದ ಬರುತ್ತಿತ್ತು ಎಂಬುದು ನನಗೂ ಅಂದೇ ಹೊಳೆದದ್ದು.

ಜೆರಾಕ್ಸ್ ಖರ್ಚು ತಪ್ಪಿಸಲು ಒಂಬತ್ತು ಚೌಕಗಳನ್ನು ಲ್ಯಾಮಿನೇಟ್ ಮಾಡಿಸಿದೆ, ಒಂದಕ್ಕೆ 25 ರೂಪಾಯಿಯ ಆಸುಪಾಸು. ಬರೆದು ಒರೆಸಬಹುದು, ಎರಡು ವರ್ಷದಿಂದ ಅವೇ ನಡೆಯುತ್ತಿವೆ. ಕೊನೆಯ ಪರೀಕ್ಷೆಯಲ್ಲಿ 3.5ನ್ನು ತಪ್ಪಾಗಿ ಓದಿದವರು ನಾಲ್ಕೋ ಐದೋ ಮಂದಿ. ನಕ್ಕಿದ್ದ ಸಹೋದ್ಯೋಗಿ ಈಗ ಒಂದು ಸೆಟ್ ಒಯ್ದಿದ್ದಾರೆ.

ಈ ಚೌಕ ಎರಡು ಅಂಕೆಗಳ ಆಚೆ ಹೋಗುವುದಿಲ್ಲ. ಒಂದು ರೂಪಾಯಿಯನ್ನು ಮೂವರಿಗೆ ಹಂಚಿ ಎಂದಾಗ ಎಲ್ಲರೂ 33 ಮನೆ ಕೊಟ್ಟು, ಉಳಿದ ಒಂದನ್ನು ಏನು ಮಾಡುವುದೆಂದು ನನ್ನ ಮುಖ ನೋಡಿದರು. ಒಬ್ಬ ಹುಡುಗಿ ಮಾತ್ರ ಆ ಮನೆಯನ್ನು ಕತ್ತರಿಯಲ್ಲಿ ಮೂರು ಸೀಳು ಮಾಡಿ, ‘ಇದಕ್ಕೆ ಪೈಸೆಯಲ್ಲಿ ಹೆಸರಿಲ್ಲವಾ ಮಿಸ್?’ ಎಂದಳು. ಆ ಮೂರು ಸೀಳುಗಳು ಈಗಲೂ ನನ್ನ ಡೈರಿಯಲ್ಲಿ ಅಂಟಿಕೊಂಡಿವೆ.