ಕೊನೆಗಾರ ಹೋದ, ಅಂಕಿ ಏರಿತು

ಶಿವಮೊಗ್ಗದ ಡಿಗ್ರಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಅಡಿಕೆ ಕೊಳೆರೋಗದ ಬಗ್ಗೆ ಅಸೈನ್‌ಮೆಂಟ್ ಕೊಟ್ಟ. ಎಐ ಬರಹ ಪತ್ತೆಹಚ್ಚುವ ಡಿಟೆಕ್ಟರಿಗೆ ಹಾಕಿದರೆ 84 ಪರ್ಸೆಂಟ್ ಎಐ ಅಂತ ಬಂತು. ಕರೆದು ಕೇಳಿದೆ.

"ಕನ್ನಡದಲ್ಲಿ ನಾನೇ ಬರೆದಿದ್ದು ಮೇಡಂ. ಆಮೇಲೆ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿದೆ" ಅಂದ. ನೋಟ್‌ಬುಕ್ ತೋರಿಸಿದ. ಗೀಚು, ಕಾಟು, ಅಂಚಿನಲ್ಲಿ ಮೈಲುತುತ್ತದ ಲೆಕ್ಕ: ನೂರು ಲೀಟರ್ ನೀರಿಗೆ ಒಂದು ಕೆಜಿ, ಸುಣ್ಣವೂ ಅಷ್ಟೇ. ಇದನ್ನು ಯಂತ್ರ ಬರೆದಿಲ್ಲ ಅನ್ನೋದು ಸ್ಪಷ್ಟವಾಗಿತ್ತು.

ಹಾಗಾದ್ರೆ ಅಂಕಿ ಎಲ್ಲಿಂದ ಬಂತು? ಅವನ ಕನ್ನಡವನ್ನು ಹಾಗೇ ಟೈಪ್ ಮಾಡಿ ಅದೇ ಡಿಟೆಕ್ಟರಿಗೆ ಕೊಟ್ಟೆ. 3 ಪರ್ಸೆಂಟ್. ಖುಷಿಪಡುವ ಮೊದಲು, ಎಐ ಕೈಲಿ ಬರೆಸಿದ ಕನ್ನಡವನ್ನೂ ಹಾಕಿ ನೋಡಿದೆ. ಅದಕ್ಕೂ ಹೆಚ್ಚೂಕಡಿಮೆ ಅಷ್ಟೇ! ಅಂದರೆ ಆ ಡಿಟೆಕ್ಟರಿಗೆ ಕನ್ನಡ ಗೊತ್ತೇ ಇಲ್ಲ. ಆ 3ಕ್ಕೆ ಯಾವ ಬೆಲೆಯೂ ಇಲ್ಲ.

ಆಮೇಲೆ ಹುಡುಗನನ್ನು ನನ್ನೆದುರು ಕೂರಿಸಿ, ಅದೇ ವಿಷಯವನ್ನು ಫೋನಿಲ್ಲದೆ ಇಂಗ್ಲಿಷಿನಲ್ಲಿ ಬರೆಸಿದೆ. 37 ಬಂತು. ಸೊನ್ನೆ ಬರಲಿಲ್ಲ, ನೋಡಿ. ಮುಂದಿನ ಪದ ಎಷ್ಟು ಸುಲಭವಾಗಿ ಊಹಿಸಬಹುದು ಅನ್ನೋದನ್ನು ಇಂಥ ಹಲವು ಡಿಟೆಕ್ಟರುಗಳು ಅಳೆಯುತ್ತವೆ; ಊಹೆ ಸುಲಭವಾದಷ್ಟೂ ಎಐ ಅನ್ನುತ್ತವೆ. ಕಲಿತ ಇಂಗ್ಲಿಷಿನಲ್ಲಿ ಪದ ಕಡಿಮೆ, ವಾಕ್ಯ ಸರಳ, ಊಹೆ ಸುಲಭ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇಂಗ್ಲಿಷ್ ಮಾತೃಭಾಷೆಯಲ್ಲದವರ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಏಳು ಡಿಟೆಕ್ಟರುಗಳಿಗೆ ಹಾಕಿದಾಗ, ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳು ಎಐ ಅನ್ನಿಸಿಕೊಂಡಿದ್ದವು.

ಟ್ರಾನ್ಸ್‌ಲೇಟರ್ ಇದರ ಮೇಲೆ ಇನ್ನೊಂದು ಇಸ್ತ್ರಿ ಹಾಕುತ್ತದೆ. ಅದೂ ಹೆಚ್ಚು ಸಂಭವವಿರುವ ಪದವನ್ನೇ ಆರಿಸುವ ಯಂತ್ರ. ಹುಡುಗ ಬರೆದಿದ್ದು: "ಮಳೆ ಹೊಳವಾಗದೆ ಔಷಧಿ ಹೊಡೆಯೋದು ಹ್ಯಾಂಗೆ? ಹೊಳವಾದ ದಿನ ಕೊನೆಗಾರ ಸಿಗಲ್ಲ." ಹೊಳವು ಅಂದರೆ ಮಳೆಯ ನಡುವಿನ ಬಿಡುವು, ಕೊನೆಗಾರ ಅಂದರೆ ಅಡಿಕೆ ಮರ ಹತ್ತಿ ಕೆಲಸ ಮಾಡುವವನು. ಇಂಗ್ಲಿಷಿನಲ್ಲಿ ಪ್ರಶ್ನೆ ಮಾಯವಾಗಿ, ಮಳೆಗಾಲದಲ್ಲಿ ಸಿಂಪಡಣೆ ಕಷ್ಟ, ಕೆಲಸಗಾರರ ಕೊರತೆ ಇದೆ ಅನ್ನುವ ಎರಡು ನುಣುಪು ವಾಕ್ಯ ಉಳಿದಿದ್ದವು. ಹೊಳವೂ ಇಲ್ಲ, ಕೊನೆಗಾರನೂ ಇಲ್ಲ. ಅನುವಾದ ತಪ್ಪೇನಲ್ಲ, ಆದರೆ ಅವನ ಗುರುತು ಇದ್ದ ಜಾಗಗಳೇ ಅಳಿಸಿಹೋಗಿದ್ದವು.

ಆ ಪ್ರತಿಯನ್ನೇ ತಿದ್ದಲು ಹೇಳಿದೆ. ಕೊನೆಗಾರನನ್ನು ಅದೇ ಹೆಸರಲ್ಲಿ ವಾಪಸ್ ತಂದ, ಪ್ರಶ್ನೆ ಹಾಕಿದ. ಅಂಕಿ 52ಕ್ಕೆ ಇಳಿಯಿತು. ಕೊನೆಯ ಪ್ಯಾರಾ ಒಂದನ್ನು ಬಿಟ್ಟು ಹಾಕಿದರೆ ಮತ್ತೆ ಬೇರೆ ಅಂಕಿ. ಒಂದೇ ಕೈಯ ಬರಹಕ್ಕೆ ಇಷ್ಟೆಲ್ಲಾ ಅಂಕಿ ಬಂದರೆ ಯಾವುದನ್ನು ನಂಬೋದು?

ಮಾರ್ಕ್ಸನ್ನು ನೋಟ್‌ಬುಕ್ ನೋಡಿ, ಹತ್ತು ನಿಮಿಷ ಬಾಯಿಮಾತಲ್ಲಿ ಕೇಳಿ ಕೊಟ್ಟೆ. ಟ್ರಾನ್ಸ್‌ಲೇಟರ್ ಬಳಸಿದ್ದನ್ನು ಹೇಳದ್ದಕ್ಕೆ ಎರಡು ಮಾರ್ಕ್ಸ್ ಕಳೆದೆ. ಈಗ ಕನ್ನಡದಲ್ಲಿ ಯೋಚಿಸಿ ಬರೆಯುವವರು ಆ ಕರಡಿನ ಫೋಟೋವನ್ನೂ ಜೊತೆಗೆ ಕೊಡಬೇಕು. ಹುಡುಗ ಮೊನ್ನೆ ಕೊಟ್ಟ ಫೋಟೋದಲ್ಲಿ ಪುಟದ ಮೇಲೆ ಅಡಿಕೆ ಕಲೆಯೂ ಇತ್ತು.