3 ಲಕ್ಷ ಲೀಟರ್ ಟ್ಯಾಂಕಿನ ರಿಂಗ್ ಪಾಯ ನಾನು ಮಾಡಿದ ರೀತಿ

ದಾವಣಗೆರೆ ಕಡೆ ಒಂದು ಹಳ್ಳಿಗೆ 3 ಲಕ್ಷ ಲೀಟರ್ ಓವರ್‌ಹೆಡ್ ಟ್ಯಾಂಕಿನ ಡಿಸೈನ್ ಮಾಡಿದ್ದೆ, ಮೇಲೆ ಎರೆಮಣ್ಣು, ಕೆಳಗೆ ಗಟ್ಟಿ ಮೊರಮ್, ಎಂಟು ಕಾಲಮ್ಮು. ಪಾಯ ಬಳೆ ಆಕಾರದ ಕಾಂಕ್ರೀಟ್ ಹಾಸು, ಅಂದ್ರೆ ರಿಂಗ್ ರಾಫ್ಟು, ಅದರ ಹೊರಗಿನ ಡಯಾ 11 ಮೀಟರ್, ಒಳಗಿಂದು 5.

ಕಾಲಮ್ ಸರ್ಕಲ್ ಎಲ್ಲಿ ಬರ್ಬೇಕು ಅನ್ನೋದು ಮೊದಲ್ನೇ ಪ್ರಶ್ನೆ. ರಿಂಗಿನ ಅಗಲದ ನಟ್ಟನಡುವೆ ಅಂದ್ರೆ 8 ಮೀಟರ್ ಡಯಾ, ಆದ್ರೆ ಹೊರಗಿನ ಅರ್ಧದಲ್ಲಿ ಜಾಗ ಜಾಸ್ತಿ ಇರೋದ್ರಿಂದ ಮಣ್ಣು ಎತ್ತೋ ಬಲದ ಸೆಂಟರ್ ಸ್ವಲ್ಪ ಆಚೆ ಹೋಗತ್ತೆ, ಲೆಕ್ಕ ಹಾಕಿದ್ರೆ ಸುಮಾರು 8.4 ಮೀಟರ್ ಡಯಾ ಬರತ್ತೆ. ಕಾಲಮ್‌ಗಳನ್ನ ಅಲ್ಲಿಗೇ ತಂದೆ, ಇಲ್ಲಾಂದ್ರೆ ರಿಂಗ್ ಬೀಮು ಸುತ್ತಲೂ ತಿರುಚ್ಕೊಳ್ಳೋಕೆ ನೋಡತ್ತೆ.

ಆಮೇಲೆ ಗಾಳಿ. ಟ್ಯಾಂಕನ್ನ ಉರುಳಿಸೋಕೆ ನೋಡೋ ಮೊಮೆಂಟ್ ತಳದಲ್ಲಿ ಸುಮಾರು 120 ಟನ್-ಮೀಟರ್ ಬಂತು (ಭೂಕಂಪದ ಚೆಕ್ ಬೇರೆಯಾಗಿ ಮಾಡ್ಬೇಕು, ಅದನ್ನ ಇಲ್ಲಿ ಬರೀತಿಲ್ಲ). ಪಾಯ ಸೇರಿ ತುಂಬಿದ ಭಾರ 700 ಟನ್, ಖಾಲಿ ಇದ್ರೆ 400. ರಿಂಗಿನ ವಿಸ್ತೀರ್ಣ 75 ಚದರ ಮೀಟರ್, ಹಾಗಾಗಿ ತುಂಬಿದಾಗ ಚದರ ಮೀಟರಿಗೆ 9.3 ಟನ್, ಗಾಳಿಯಿಂದ ಅಂಚಲ್ಲಿ ಇನ್ನೊಂದು ಟನ್ ಹೆಚ್ಚು ಕಮ್ಮಿ. ಮೊರಮ್ ಚದರ ಮೀಟರಿಗೆ 15 ಟನ್ ತಡೆಯತ್ತೆ ಅಂತ ಕೊಟ್ಟಿದ್ರು, ಸಾಕಾಯ್ತು. ಆದ್ರೆ ಅಂಚು ಏಳತ್ತಾ ಅಂತ ನೋಡೋಕೆ ಖಾಲಿ ಟ್ಯಾಂಕನ್ನೇ ತಗೋಬೇಕು, ಗಾಳಿ ಅಷ್ಟೇ ಇರತ್ತೆ, ಹಿಡ್ಕೊಳ್ಳೋ ಭಾರ ಕಮ್ಮಿ. 120ನ್ನ 400ರಿಂದ ಭಾಗಿಸಿದ್ರೆ ಭಾರದ ಸೆಂಟರ್ 0.3 ಮೀಟರ್ ಸರಿಯತ್ತೆ, ಈ ರಿಂಗಿಗೆ ಅದು 1.66 ಮೀಟರ್ ತನಕ ಸರಿದ್ರೂ ಅಂಚು ಏಳಲ್ಲ.

ಓರೆಯ ಲೆಕ್ಕಕ್ಕೆ ಬಂದ್ರೆ, ಗಟ್ಟಿ ಮೊರಮ್ ಮೇಲೆ ಗಾಳಿಯೊಂದರಿಂದಲೇ 20 ಮೀಟರ್ ಎತ್ತರದಲ್ಲಿ ಎರಡು ಮಿಲಿಮೀಟರೂ ವಾಲಲ್ಲ. ನಿಜವಾದ ಭಯ ಮಣ್ಣು ಒಂದೇ ಥರ ಇಲ್ದೇ ಇರೋದು. ನಮ್ಮ ಗುಂಡಿಯ ಒಂದು ಬದಿಯಲ್ಲಿ ಡ್ರಾಯಿಂಗಿನ ಆಳಕ್ಕೆ ಹೋದ್ರೂ ಹಾರೆ ಸಲೀಸಾಗಿ ಇಳೀತಿತ್ತು, ಎದುರು ಬದಿಯಲ್ಲಿ ಟಣ್ ಅಂತಿತ್ತು. ಮೇಸ್ತ್ರಿ, "ಸಾರ್, ಕಲ್ಲು ತುಂಬಿ ಬಿಡೋಣ" ಅಂದ್ರು. ನಾನು ಒಪ್ಪಲಿಲ್ಲ. ಆ ಬದಿ ನಾಲ್ಕು ಪಟ್ಟು ಮೆತ್ತಗಿದೆ ಅಂದ್ಕೊಂಡ್ರೆ ಗಟ್ಟಿ ಕಡೆ 5 ಮಿ.ಮೀ. ಕುಸಿಯೋ ಹೊತ್ತಿಗೆ ಇಲ್ಲಿ 20 ಮಿ.ಮೀ., ವ್ಯತ್ಯಾಸ 15. ಪಾಯಗಳ ಕೋಡ್ ಐಎಸ್ 1904 ಪ್ರಕಾರ ಈ ವ್ಯತ್ಯಾಸಕ್ಕೆ ಅಂತರದ 0.0025 ಪಟ್ಟು ಮಿತಿ, ಅಂದ್ರೆ 8.4 ಮೀಟರಿಗೆ 21 ಮಿ.ಮೀ., ಅದ್ರಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಇದಕ್ಕೇ ಹೋಯ್ತು, ಎರೆಮಣ್ಣು ಮಳೇಲಿ ಉಬ್ಬಿ ಬೇಸಿಗೇಲಿ ಕುಗ್ಗೋದು ಇನ್ನೂ ಸೇರ್ಸಿಲ್ಲ. ಮೊರಮ್ ಸಿಗೋವರೆಗೂ ಅಗೆಸಿ, ಆ ಆಳವನ್ನ ಪಿಸಿಸಿ, ಅಂದ್ರೆ ಕಬ್ಬಿಣ ಇಲ್ಲದ ಕಾಂಕ್ರೀಟಿಂದ ತುಂಬಿಸಿ ಲೆವೆಲ್ ಮಾಡ್ಸಿದೆ.

ಪಾಯದ ಮೇಲೆ ನಾಲ್ಕು ದಿಕ್ಕಿಗೂ ಕಾಲಮ್ ಬುಡದಲ್ಲಿ ಮಾರ್ಕ್ ಹಾಕ್ಸಿದ್ದೆ. ನೀರು ತುಂಬ್ಸೋವಾಗ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ನಿಲ್ಸಿ ನಿಲ್ಸಿ ಆಟೋ ಲೆವೆಲ್‌ನಲ್ಲಿ ಓದಿದ್ವಿ. ಪೂರ್ತಿ ತುಂಬಿದ ಮೇಲೆ ಒಂದು ಬದಿ 6, ಎದುರು ಬದಿ 2 ಮಿ.ಮೀ. ಇಳಿದಿತ್ತು, ವ್ಯತ್ಯಾಸ 4, ಮಿತಿ 21. ಮರುದಿನದ ರೀಡಿಂಗಲ್ಲೂ ಅದು ಬದಲಾಗಿರಲಿಲ್ಲ, ಅದು ನಿಂತಿದೆ ಅಂತ ಖಾತ್ರಿ ಮಾಡ್ಕೊಂಡೇ ಪೈಪ್ ಜೋಡ್ಸೋಕೆ ಬಿಟ್ಟೆ.